ದಿನಕ್ಕೆ 32 ಡಬ್ಬಿ ಹೋಗುತ್ತವೆ, ದುಡ್ಡು ಮಾತ್ರ ನಿಲ್ಲುತ್ತಿಲ್ಲ. ಬ್ರೇಕ್ ಈವನ್ ಎಷ್ಟು ಡಬ್ಬಿಗೆ?

ರೊಟ್ಟಿಡಬ್ಬಿ ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಮನೆಯಿಂದಲೇ ಮಧ್ಯಾಹ್ನದ ಊಟದ ಡಬ್ಬಿ ಕೊಡುತ್ತೇನೆ. ಶುರು ಮಾಡಿ ಹತ್ತು ತಿಂಗಳಾಯಿತು. ಗಿರಾಕಿಗಳಲ್ಲಿ ಪರೀಕ್ಷೆಗೆ ಓದಲು ಬಂದು ರೂಮು ಮಾಡಿಕೊಂಡಿರುವ ಹುಡುಗರೇ ಜಾಸ್ತಿ, ನಾಲ್ಕೈದು ಜನ ಬ್ಯಾಂಕಿನವರು. ಎರಡು ಜೋಳದ ರೊಟ್ಟಿ, ಒಂದು ಕಾಯಿಪಲ್ಯ, ಒಂದು ಕಾಳುಪಲ್ಯ, ಅನ್ನ, ಸಾರು, ಮೊಸರು, ಶೇಂಗಾ ಚಟ್ನಿ. ಡಬ್ಬಿಗೆ 80 ರೂಪಾಯಿ. ಭಾನುವಾರ ರಜೆ, ತಿಂಗಳಿಗೆ 26 ದಿನ.

ನನ್ನ ಲೆಕ್ಕ ಇಷ್ಟೇ ಇತ್ತು. ಕಿರಾಣಿ, ಕಾಯಿಪಲ್ಲೆ, ಮೊಸರು ಸೇರಿ ಡಬ್ಬಿಗೆ 38 ಬೀಳುತ್ತದೆ. 80ರಲ್ಲಿ 38 ತೆಗೆದರೆ 42. ದಿನಕ್ಕೆ 32 ಡಬ್ಬಿ, 26 ದಿನ. ಅಂದರೆ ಹತ್ತಿರ ಹತ್ತಿರ 35 ಸಾವಿರ ಉಳಿಯಬೇಕು. ಉಳಿಯುವುದು ಒಂಬತ್ತು ಸಾವಿರ ಚಿಲ್ಲರೆ. ದೀಪಾವಳಿ ತಿಂಗಳಲ್ಲಂತೂ ಅದೂ ಇಲ್ಲ. ಮನೆಯವರು "ಉಳಿದಿದ್ದು ಎಲ್ಲಿ ಹೋಯ್ತು" ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನೊಂದು ಮಾತು. ಹತ್ತಿರದ ಪಿಜಿಯವರೊಬ್ಬರು ದಿನಾ 10 ಡಬ್ಬಿ ತಗೊಳ್ತೀವಿ, ಆದರೆ 65ಕ್ಕೆ ಕೊಡಿ ಅಂತಿದ್ದಾರೆ. ಒಪ್ಪಲೋ ಬೇಡವೋ? ಅಕ್ಕನ ಮಗ "ಮೊದಲು ಬ್ರೇಕ್ ಈವನ್ ತೆಗಿ ಚಿಕ್ಕಮ್ಮ" ಅಂದ. ಹೇಗೆ ತೆಗೆಯುವುದು ಅಂತ ಕೇಳಿದರೆ ಅವನಿಗೂ ಗೊತ್ತಿಲ್ಲ.

ಪುಣೆ ಕನ್ನಡಿಗ

ಬ್ರೇಕ್ ಈವನ್ ಅಂದರೆ ಹಾಕಿದ ಬಂಡವಾಳ ವಾಪಸ್ ಬರುವುದು. ಮಿಕ್ಸರ್, ಪಾತ್ರೆ, ಡಬ್ಬಿ, ಒಲೆ ಎಲ್ಲ ಸೇರಿ ಎಷ್ಟು ಹಾಕಿದ್ರಿ? 60 ಸಾವಿರ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 9 ಸಾವಿರ ಬಂದರೆ ಏಳು ತಿಂಗಳಲ್ಲಿ ಮುಗೀತು. ನಿಮ್ಮದು ಆಗಲೇ ದಾಟಿದೆ ಮೇಡಂ, ಆರಾಮಾಗಿರಿ.

ಖಾತೆಕೀರ್ದಿ

ಪುಣೆಯವರೇ, ನೀವು ಹೇಳಿದ್ದು ಬಂಡವಾಳ ಎಷ್ಟು ತಿಂಗಳಲ್ಲಿ ತಿರುಗಿ ಬರುತ್ತದೆ ಅನ್ನುವ ಲೆಕ್ಕ. ಅದೂ ಬೇಕು, ಆದರೆ ಇವರ ಪ್ರಶ್ನೆಗೆ ಅದು ಉತ್ತರವಲ್ಲ. ಬಂಡವಾಳ ಪೂರ್ತಿ ವಾಪಸ್ ಬಂದ ಮೇಲೂ ಒಬ್ಬರು ಪ್ರತಿ ತಿಂಗಳು ನಷ್ಟದಲ್ಲಿ ನಡೆಸಬಹುದು. ಇವರು ಕೇಳುತ್ತಿರುವುದು ಒಂದು ತಿಂಗಳಲ್ಲಿ ಎಷ್ಟನೇ ಡಬ್ಬಿಗೆ ಆ ತಿಂಗಳ ಖರ್ಚು ತೀರುತ್ತದೆ ಅಂತ.

ನಾನು ಒಂದು ಕಾರ್ಖಾನೆಯಲ್ಲಿ ಖರ್ಚಿನ ಲೆಕ್ಕ ಹಾಕುವ ಕಾಸ್ಟಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ಕೂತು ಎದ್ದು ಬಂದವನು. ಬೇರಿಂಗ್ ಆದರೇನು, ರೊಟ್ಟಿ ಆದರೇನು, ಕೇಳುವುದು ಒಂದೇ ಪ್ರಶ್ನೆ. ತಂಗಿ, ನಾಳೆ ಒಂದು ಡಬ್ಬಿ ಹೆಚ್ಚು ಕೊಟ್ಟರೆ ಯಾವ ಯಾವ ಖರ್ಚು ಹೆಚ್ಚುತ್ತದೆ? ನಾಳೆ ಒಂದೂ ಡಬ್ಬಿ ಕೊಡದಿದ್ದರೂ ಯಾವ ಯಾವ ಖರ್ಚು ಇದ್ದೇ ಇರುತ್ತದೆ? ಹಾಳೆಯ ನಡುವೆ ಗೆರೆ ಎಳೆದು ಎರಡು ಕಡೆ ಬರೆದು ಹಾಕಿ. ಗ್ಯಾಸು, ಡಬ್ಬಿ ಒಯ್ಯುವ ಹುಡುಗ, ಕೆಲಸದವರು, ಯಾವುದನ್ನೂ ಬಿಡಬೇಡಿ. ಮನೆಯ ಜಾಗ ಏನಾದರೂ ಇದಕ್ಕೆ ಹೋಗಿದ್ದರೆ ಅದನ್ನೂ ಬರೆಯಿರಿ.

ರೊಟ್ಟಿಡಬ್ಬಿ ಧಾರವಾಡ

ಬರೆದೆ ಸರ್. ರಾತ್ರಿ ಹನ್ನೊಂದಕ್ಕೆ ಕೂತು ಬರೆದಿದ್ದು, ತಪ್ಪಿದ್ದರೆ ಹೇಳಿ.

ಡಬ್ಬಿ ಹೆಚ್ಚಿದರೆ ಹೆಚ್ಚುವುದು: ದಿನಸಿ, ಕಾಯಿಪಲ್ಲೆ, ಮೊಸರು 38. ಗ್ಯಾಸ್ 5 (19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಎಷ್ಟು ಡಬ್ಬಿಗೆ ಬರುತ್ತದೆ ಅಂತ ಎರಡು ಸಲ ಎಣಿಸಿ ನೋಡಿದ್ದೇನೆ). ಡಬ್ಬಿ ಮುಟ್ಟಿಸಿ ಹಿಂದಿನ ದಿನದ ಖಾಲಿ ಡಬ್ಬಿ ತರುವ ಹುಡುಗನಿಗೆ ಒಂದಕ್ಕೆ 8. ಚಟ್ನಿ ಪೊಟ್ಟಣ, ಪೇಪರ್ ಅಂತ 1. ಒಟ್ಟು 52.

ಕೊಟ್ಟರೂ ಕೊಡದಿದ್ದರೂ ಇರುವುದು, ತಿಂಗಳಿಗೆ: ರೊಟ್ಟಿ ಬಡಿಯುವ ಅಕ್ಕನಿಗೆ 9,000. ಪಾತ್ರೆ, ಡಬ್ಬಿ ತೊಳೆಯುವವರಿಗೆ 3,500. ಕರೆಂಟು, ನೀರು ಮೊದಲಿಗಿಂತ ಹೆಚ್ಚಾಗಿದ್ದು 900. ಫೋನು ಮತ್ತು ಸಣ್ಣಪುಟ್ಟ 400.

ಹಿತ್ತಲ ಕಡೆ ಒಂದು ಕೋಣೆ ಇದೆ. ಮೊದಲು 3,000ಕ್ಕೆ ಬಾಡಿಗೆ ಕೊಟ್ಟಿದ್ದೆ. ಈಗ ಅದರಲ್ಲೇ ಅಡುಗೆ. ಅದನ್ನೂ ಬರೆಯಬೇಕಾ? ನಾನು ಯಾರಿಗೂ ಕೊಡುತ್ತಿಲ್ಲವಲ್ಲ.

ಖಾತೆಕೀರ್ದಿ

ನೀವು ಯಾರಿಗೂ ಕೊಡುತ್ತಿಲ್ಲ, ಆದರೆ ಬರುತ್ತಿದ್ದ 3,000 ನಿಂತಿತಲ್ಲ. ನನ್ನ ಪ್ರಕಾರ ಬರೆಯಬೇಕು.

ಇನ್ನೊಂದು ಮರೆತಿದ್ದೀರಿ. ಸ್ಟೀಲ್ ಡಬ್ಬಿಗಳು. ಎಷ್ಟು ಸೆಟ್ ತಂದ್ರಿ, ಎಷ್ಟಕ್ಕೆ, ಎಷ್ಟು ವರ್ಷ ಬಾಳುತ್ತವೆ?

ರೊಟ್ಟಿಡಬ್ಬಿ ಧಾರವಾಡ

70 ಸೆಟ್, ಒಂದಕ್ಕೆ 360. ಒಬ್ಬರಿಗೆ ಎರಡು ಬೇಕು, ಒಂದು ಅವರ ಹತ್ತಿರ, ಒಂದು ನಮ್ಮ ಹತ್ತಿರ. ಕ್ಲಿಪ್ಪು ಮುರಿಯುವುದು, ಹುಡುಗರು ರೂಮು ಬಿಟ್ಟು ಹೋಗುವಾಗ ಡಬ್ಬಿ ಸಮೇತ ಹೋಗುವುದು, ಎಲ್ಲ ಸೇರಿ ಮೂರು ವರ್ಷ ಬಂದರೆ ನನ್ನ ಪುಣ್ಯ.

ಖಾತೆಕೀರ್ದಿ

25,200. ಅದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 700. ಈಗ ಬಲಗಡೆಯ ಮೊತ್ತ 17,500 ಆಯಿತು.

ಎಡಗಡೆಯದು ಡಬ್ಬಿಗೆ 52. ನೀವು ಮಾರುವುದು 80ಕ್ಕೆ. ಅಂದರೆ ಒಂದೊಂದು ಡಬ್ಬಿಯೂ ತನ್ನ ಖರ್ಚು ತಾನು ತೀರಿಸಿಕೊಂಡು 28 ರೂಪಾಯಿ ತಂದು ನಿಮ್ಮ ಕೈಗೆ ಕೊಡುತ್ತದೆ. ಇದನ್ನು ಲಾಭ ಅನ್ನಬೇಡಿ. ಆ 28 ಮೊದಲು ಹೋಗುವುದು ರೊಟ್ಟಿ ಅಕ್ಕನ ಸಂಬಳಕ್ಕೆ, ಆಮೇಲೆ ಪಾತ್ರೆಯವರಿಗೆ, ಕರೆಂಟಿಗೆ, ಕೋಣೆಗೆ. 17,500ರ ಹೊಂಡ ತುಂಬುವ ತನಕ ನಿಮ್ಮದು ಅಂತ ಒಂದು ಪೈಸೆ ಇಲ್ಲ. ಎಷ್ಟು ಡಬ್ಬಿಗೆ ತುಂಬುತ್ತದೆ?

17,500 ÷ 28 = 625 ಡಬ್ಬಿ

ಇದೇ ನಿಮ್ಮ ಬ್ರೇಕ್ ಈವನ್. ತಿಂಗಳಿಗೆ 625. 26 ದಿನಕ್ಕೆ ಹಂಚಿದರೆ ದಿನಕ್ಕೆ 24ಕ್ಕಿಂತ ಕೂದಲೆಳೆ ಜಾಸ್ತಿ.

ನೀವು ತಿಂಗಳಿಗೆ 832 ಕೊಡುತ್ತಿದ್ದೀರಿ. ಮೇಲಿನ 207 ಡಬ್ಬಿ ತರುವ 28 ಮಾತ್ರ ನಿಮ್ಮದು. 5,796 ರೂಪಾಯಿ. ಕೈಯಲ್ಲಿ ಒಂಬತ್ತು ಸಾವಿರ ಚಿಲ್ಲರೆ ಕಾಣಿಸುವುದು ಯಾಕೆಂದರೆ ಕೋಣೆಯ 3,000 ಮತ್ತು ಡಬ್ಬಿ ಸವೆತದ 700 ತಿಂಗಳು ತಿಂಗಳು ಕೈಬಿಟ್ಟು ಹೋಗುವುದಿಲ್ಲ. ಕೂಡಿಸಿ ನೋಡಿ, 9,496 ಬರುತ್ತದೆ. ಮನೆಯವರಿಗೆ ತೋರಿಸಿ.

ರೊಟ್ಟಿಡಬ್ಬಿ ಧಾರವಾಡ

ಅಯ್ಯೋ, ನನ್ನ ಪುಸ್ತಕದಲ್ಲಿ 9,500 ಇದೆ ಸರ್! ನಾಲ್ಕು ರೂಪಾಯಿ ವ್ಯತ್ಯಾಸ.

ಬೆಣ್ಣೆದೋಸೆ ದಾವಣಗೆರೆ

ಇಷ್ಟು ಸುತ್ತು ಯಾಕೆ? ನಾನು ಬಿಕಾಂ ಮೂರನೇ ವರ್ಷ. ಒಟ್ಟು ಖರ್ಚನ್ನು ಡಬ್ಬಿಯಿಂದ ಭಾಗಿಸಿದರೆ ಆಯಿತು. 17,500ನ್ನು 832ಕ್ಕೆ ಹಂಚಿದರೆ 21. ಅದಕ್ಕೆ 52 ಕೂಡಿಸಿ, 73. ಒಂದು ಡಬ್ಬಿಗೆ ನಿಮ್ಮ ಅಸಲು 73 ರೂಪಾಯಿ. ಪಿಜಿಯವರು ಕೇಳುತ್ತಿರುವುದು 65. ಪ್ರತಿ ಡಬ್ಬಿಗೆ 8 ರೂಪಾಯಿ ನಷ್ಟ, ದಿನಕ್ಕೆ 80, ತಿಂಗಳಿಗೆ 2,080. ಖಂಡಿತ ಬೇಡ ಆಂಟಿ.

ಖಾತೆಕೀರ್ದಿ

ನಿಮ್ಮ ಭಾಗಾಕಾರ ಸರಿ ಇದೆ. ತೀರ್ಮಾನ ಸರಿ ಇಲ್ಲ.

ಆ 73 ಬಂದಿದ್ದು 32 ಡಬ್ಬಿ ಕೊಡುವಾಗ. ದಿನಕ್ಕೆ 20 ಕೊಟ್ಟಿದ್ದರೆ ನಿಮ್ಮದೇ ಲೆಕ್ಕದಲ್ಲಿ ಅಸಲು 85 ದಾಟುತ್ತಿತ್ತು, 50 ಕೊಟ್ಟಿದ್ದರೆ 65ರ ಆಸುಪಾಸಿಗೆ ಇಳಿಯುತ್ತಿತ್ತು. ಸಾರು ಅದೇ, ರೊಟ್ಟಿ ಅದೇ. ಎಷ್ಟು ಮಾರುತ್ತೀರಿ ಅನ್ನುವುದರ ಮೇಲೆ ಬದಲಾಗುವ ಅಂಕಿಯನ್ನು ಹಿಡಿದುಕೊಂಡು ಎಷ್ಟು ಮಾರಬೇಕು ಅಂತ ತೀರ್ಮಾನಿಸಿದರೆ ಬಾಲ ಹಿಡಿದು ಸುತ್ತಿದ ಹಾಗೆ.

ಪಿಜಿಯ ಹತ್ತು ಡಬ್ಬಿ ಬಂದರೆ ಪಾತ್ರೆಯವರ ಸಂಬಳ ಹೆಚ್ಚುತ್ತದಾ? ಕೋಣೆಯ ಬಾಡಿಗೆ? ಇಲ್ಲ. ಹೆಚ್ಚುವುದು ಡಬ್ಬಿಗೆ 52 ಮಾತ್ರ. ಅದೂ ಹತ್ತು ಡಬ್ಬಿ ಒಂದೇ ಬಾಗಿಲಿಗೆ ಹೋಗುವುದರಿಂದ ಹುಡುಗ 8ರ ಬದಲು 4ಕ್ಕೆ ಒಪ್ಪಬಹುದು, ಕೇಳಿ ನೋಡಿ. ಆಗ 48. 65ರಲ್ಲಿ 48 ಹೋದರೆ 17 ಉಳಿಯಿತು. 28ಕ್ಕಿಂತ ಕಡಿಮೆ ನಿಜ, ಆದರೆ ನಷ್ಟ ಅಲ್ಲ.

ಬೆಣ್ಣೆದೋಸೆ ದಾವಣಗೆರೆ

ಸರ್, ಹಾಗಾದರೆ ಎಲ್ಲರೂ 65 ಕೇಳಿದರೆ? ಎಲ್ಲರಿಗೂ 65ಕ್ಕೆ ಕೊಟ್ಟರೆ ಈ 17,500 ಕಟ್ಟುವವರು ಯಾರು?

ಖಾತೆಕೀರ್ದಿ

ಈಗ ನೀವು ಸರಿಯಾದ ಪ್ರಶ್ನೆ ಕೇಳಿದ್ರಿ. ಹಳೆಯ 32 ಗಿರಾಕಿಗಳು 80 ಕೊಟ್ಟು ಹೊಂಡ ತುಂಬುತ್ತಿರುವ ತನಕ ಮಾತ್ರ ಹೊಸ ಹತ್ತಕ್ಕೆ 65 ನಡೆಯುತ್ತದೆ. ಎಲ್ಲರೂ 65ಕ್ಕೆ ಇಳಿದರೆ ಡಬ್ಬಿಗೆ 13 ಉಳಿಯುತ್ತದೆ. ಆಗ ಬ್ರೇಕ್ ಈವನ್ 1,347 ಡಬ್ಬಿ, ದಿನಕ್ಕೆ 52. ಧಾರವಾಡದಲ್ಲಿ ಪಿಜಿ ಹುಡುಗರೂ ರೂಮಿನ ಹುಡುಗರೂ ಒಂದೇ ಲೈಬ್ರರಿಯಲ್ಲಿ ಕೂರುತ್ತಾರೆ. ಸುದ್ದಿ ಎಷ್ಟು ದಿನ ಗುಟ್ಟಾಗಿರುತ್ತದೆ ಅನ್ನುವುದು ನನ್ನ ಕೋಷ್ಟಕದಲ್ಲಿ ಇಲ್ಲ.

ಡಬ್ಬಿ ತಿನ್ನುವವ

ನಾನು ಅಂಥ ಲೈಬ್ರರಿಯಲ್ಲೇ ಕೂತು ಇದನ್ನು ಓದುತ್ತಿದ್ದೇನೆ 😄 ಎರಡು ದಿನ. ಅಷ್ಟೇ. ಮೂರನೇ ದಿನ ಎಲ್ಲರಿಗೂ ಗೊತ್ತಾಗಿರುತ್ತದೆ.

ಪಿಜಿಗೆ ಕೊಡುವುದಾದರೆ ಊಟವನ್ನೇ ಸ್ವಲ್ಪ ಬೇರೆ ಮಾಡಿ. ಮೊಸರು ಇಲ್ಲದೆ, ಒಂದೇ ಪಲ್ಯ. ಆಗ ಯಾರೂ ಏನೂ ಅನ್ನಲ್ಲ.

ಮಂಡ್ಯದ ಅಕ್ಕ

ಮೈಸೂರಿನಲ್ಲಿ ಮೂರು ವರ್ಷ ಇದೇ ಕೆಲಸ ಮಾಡಿ ನಿಲ್ಲಿಸಿದವಳು ನಾನು. ಎರಡು ಮಾತು ಹೇಳಬೇಕು.

ಒಂದು. ಈ ಪಟ್ಟಿಯಲ್ಲಿ ಒಬ್ಬರ ಸಂಬಳ ಕಾಣ್ತಾ ಇಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಕಾಯಿಪಲ್ಲೆ ಹೆಚ್ಚಿ, ಒಗ್ಗರಣೆ ಹಾಕಿ, ಡಬ್ಬಿ ತುಂಬಿ, ಸಂಜೆ ಮಾರ್ಕೆಟ್ಟಿಗೆ ಹೋಗುವವರದ್ದು. ರೊಟ್ಟಿ ಬಡಿಯುವವರಿಗೆ 9,000, ಯಜಮಾನಿಗೆ 5,796! ನೀವು ಕಾಯಿಲೆ ಬಿದ್ದರೆ ಆ ಅಡುಗೆಗೆ ಬೇರೆಯವರನ್ನು ಎಷ್ಟಕ್ಕೆ ಕರೆಸುತ್ತೀರಿ ಅಂತ ಯೋಚನೆ ಮಾಡಿ. ನಿಮ್ಮ ಸಂಬಳ ಹಿಡಿದರೆ ನೀವು ಇನ್ನೂ ಬ್ರೇಕ್ ಈವನ್ ಮುಟ್ಟಿಲ್ಲ.

ಎರಡು. ದೀಪಾವಳಿ ತಿಂಗಳು ಏನಾಯಿತು ಅಂತ ಬರೆಯಿರಿ. ನನ್ನನ್ನು ಮುಳುಗಿಸಿದ್ದು ಅದೇ.

ರೊಟ್ಟಿಡಬ್ಬಿ ಧಾರವಾಡ

ಅಕ್ಕಾ, ಆ ತಿಂಗಳು ಹುಡುಗರು ಊರಿಗೆ ಹೋದರು. ನಡೆಸಿದ್ದು 20 ದಿನ. ಸರಾಸರಿ 24 ಡಬ್ಬಿ. ಕೆಲಸದವರಿಗೆ ಸಂಬಳ ಕತ್ತರಿಸಲು ಮನಸ್ಸು ಬರಲಿಲ್ಲ, ಹಬ್ಬ ಬೇರೆ.

ಖಾತೆಕೀರ್ದಿ

480 ಡಬ್ಬಿ. 28ರಂತೆ 13,440. ಹೊಂಡ 17,500. 4,060 ನಷ್ಟ.

ಇಲ್ಲಿ ಒಂದು ವಿಷಯ ಗಮನಿಸಿ. ದಿನಕ್ಕೆ 24 ಅಂದರೆ ಬ್ರೇಕ್ ಈವನ್ ಮುಟ್ಟಿತು ಅಂತ ಅನ್ನಿಸುತ್ತದೆ, ಮೇಲೆ ನಾನೇ 24 ಚಿಲ್ಲರೆ ಅಂದಿದ್ದೆ. ಆದರೆ ಅದು 26 ದಿನದ ಲೆಕ್ಕ. ಸಂಬಳ ಕೊಡುವುದು ತಿಂಗಳಿಗೆ. 20 ದಿನ ಮಾತ್ರ ಒಲೆ ಹಚ್ಚಿದರೆ ಅದೇ 625 ಡಬ್ಬಿಗೆ ದಿನಕ್ಕೆ 32 ಬೇಕು. ಅದಕ್ಕೇ ಗೋಡೆಯ ಮೇಲೆ ದಿನದ ಅಂಕಿ ಬರೆಯಬೇಡಿ, 625 ಅಂತ ಬರೆದು ಕ್ಯಾಲೆಂಡರಿನಲ್ಲಿ ದಿನಾ ಕೂಡಿಸುತ್ತಾ ಹೋಗಿ. ಒಳ್ಳೆಯ ತಿಂಗಳಲ್ಲಿ 20ನೇ ದಿನಕ್ಕೇ ದಾಟುತ್ತೀರಿ. 20ನೇ ದಿನಕ್ಕೆ 480ರಲ್ಲಿದ್ದರೆ ತಿಂಗಳು ಹೇಗೆ ಮುಗಿಯುತ್ತದೆ ಅಂತ ಆಗಲೇ ಗೊತ್ತಾಗುತ್ತದೆ.

ಮಂಡ್ಯದ ಅಕ್ಕ

ರಜೆಯ ಬಗ್ಗೆ ಇನ್ನೊಂದು. ಬೆಳಿಗ್ಗೆ ಎಂಟಕ್ಕೆ "ಆಂಟಿ ಇವತ್ತು ಬೇಡ" ಅಂತ ಮೆಸೇಜ್ ಹಾಕಿ ಆ ದಿನದ ದುಡ್ಡು ಕಟ್ ಮಾಡಿಸುತ್ತಾರಾ?

ರೊಟ್ಟಿಡಬ್ಬಿ ಧಾರವಾಡ

ಹಾಕುತ್ತಾರೆ. ಕಟ್ ಮಾಡುತ್ತೇನೆ. ಏನು ಮಾಡೋದು, ಹುಡುಗರು.

ಮಂಡ್ಯದ ಅಕ್ಕ

ಮಾಡಬೇಡಿ! ಎಂಟು ಗಂಟೆಗೆ ಕುಕ್ಕರ್ ಕೂಗಿ ಆಗಿರುತ್ತದೆ. ದಿನಸಿ ಹೋಯ್ತು, ಗ್ಯಾಸ್ ಹೋಯ್ತು. ಉಳಿಯುವುದು ಹುಡುಗನ 8 ರೂಪಾಯಿ ಮಾತ್ರ. 44 ನಿಮ್ಮ ಕೈಯಿಂದ. ಅದನ್ನು ತುಂಬಲು ಇನ್ನೊಂದೂವರೆ ಡಬ್ಬಿಯ 28 ಬೇಕು. ನಾನು ಹಿಂದಿನ ರಾತ್ರಿ ಎಂಟರ ಗಡುವು ಇಟ್ಟೆ. ಮೊದಲ ತಿಂಗಳು ಮುಖ ಊದಿಸಿಕೊಂಡರು, ಆಮೇಲೆ ಎಲ್ಲರೂ ಸರಿಯಾಗಿ ರಾತ್ರಿಯೇ ಹೇಳುತ್ತಿದ್ದರು.

ಡಬ್ಬಿ ತಿನ್ನುವವ

ಇದು ನ್ಯಾಯವೇ. ನಮ್ಮ ಡಬ್ಬಿಯ ಆಂಟಿಯೂ ಹೀಗೇ ಮಾಡಿದ್ದಾರೆ. ಆದರೆ ತಿಂಗಳಿಗೆ ಒಂದು ದಿನ ಮಾತ್ರ ತಡವಾಗಿ ಹೇಳಿದರೂ ಮಾಫಿ.

ಪುಣೆ ಕನ್ನಡಿಗ

ಕಮರ್ಷಿಯಲ್ ಸಿಲಿಂಡರ್ ಯಾಕೆ ತರ್ತೀರಿ? ಮನೆಯದನ್ನೇ ಬಳಸಿ. 5 ರೂಪಾಯಿ ಮೂರಕ್ಕೆ ಇಳಿಯುತ್ತದೆ. ಎಲ್ಲರೂ ಮಾಡುವುದು ಅದನ್ನೇ.

ಮಂಡ್ಯದ ಅಕ್ಕ

ಮನೆಯ ಸಿಲಿಂಡರ್ ಮನೆ ಅಡುಗೆಗೆ ಮಾತ್ರ, ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಸಿಕ್ಕಿಬಿದ್ದರೆ ಸಿಲಿಂಡರ್ ಜಪ್ತಿ ಆಗುತ್ತದೆ. ಅಂಥ ಸಲಹೆ ಕೊಡಬೇಡಿ.

ರೊಟ್ಟಿಡಬ್ಬಿ ಧಾರವಾಡ

ಅದು ಬೇಡವೇ ಬೇಡ. ಆಹಾರ ಇಲಾಖೆಯ ನೋಂದಣಿ ಸಹ ಮಾಡಿಸಿದ್ದೇನೆ.

ಅಕ್ಕ ಹೇಳಿದ್ದು ಮನಸ್ಸಿಗೆ ನಾಟಿತು. ನನಗೆ ಅಂತ 12,000 ಹಿಡಿದರೆ ಎಷ್ಟು ಡಬ್ಬಿ ಬೇಕು ಸರ್?

ಬೆಣ್ಣೆದೋಸೆ ದಾವಣಗೆರೆ

ನಾನು ಹೇಳ್ತೀನಿ! 17,500ಕ್ಕೆ 12,000 ಕೂಡಿಸಿ. 29,500. 28ರಿಂದ ಭಾಗಿಸಿ. 1,054 ಡಬ್ಬಿ. ದಿನಕ್ಕೆ 41. ಈಗ 32 ಇದೆ, ಇನ್ನು 9 ಗಿರಾಕಿ ಹುಡುಕಿದರೆ ಆಯಿತು. ಪಿಜಿ ಬೇಡ, 80ರ ಗಿರಾಕಿಗಳನ್ನೇ ಹುಡುಕಿ.

ಖಾತೆಕೀರ್ದಿ

ಭಾಗಾಕಾರ ಈ ಸಲವೂ ಸರಿ. ಆದರೆ ತಂಗಿಗೆ ಒಂದು ಪ್ರಶ್ನೆ. 41 ಡಬ್ಬಿ ಅಂದರೆ 82 ರೊಟ್ಟಿ. ಆ ಅಕ್ಕ ಬಡಿಯುತ್ತಾರಾ?

ರೊಟ್ಟಿಡಬ್ಬಿ ಧಾರವಾಡ

ಇಲ್ಲ ಸರ್. ಅವರ ಕೈ ಬಹಳ ಚುರುಕು, ತಾಸಿಗೆ 25 ರೊಟ್ಟಿ. ಬೆಳಿಗ್ಗೆ ಎಂಟಕ್ಕೆ ಬರುತ್ತಾರೆ, ಹನ್ನೊಂದೂ ಚಿಲ್ಲರೆಗೆ ಡಬ್ಬಿ ತುಂಬಲೇಬೇಕು. ಎಷ್ಟು ಎಳೆದರೂ 76. ಮೇಲೆ ಒಂದೂ ಆಗಲ್ಲ. ಅದಕ್ಕಿಂತ ಬೇಗ ಮಾಡಿಸಿದರೆ ರೊಟ್ಟಿ ಡಬ್ಬಿಯಲ್ಲಿ ಬಿರುಸಾಗುತ್ತದೆ, ಹುಡುಗರು ಗೊಣಗುತ್ತಾರೆ. ಅರ್ಧ ಹೊತ್ತಿಗೆ ಇನ್ನೊಬ್ಬರನ್ನು ಇಟ್ಟುಕೊಂಡರೆ 6,000 ಕೇಳುತ್ತಾರೆ.

ಖಾತೆಕೀರ್ದಿ

ಅಂದರೆ 38 ಡಬ್ಬಿಯೇ ಒಬ್ಬ ಅಕ್ಕನ ಗಡಿ. ಇದು ಬಹಳ ಮುಖ್ಯ. "ಕೊಟ್ಟರೂ ಕೊಡದಿದ್ದರೂ ಇರುವ ಖರ್ಚು" ಅಂದೆವಲ್ಲ, ಅದು ಎಲ್ಲಿಯವರೆಗೂ ಹಾಗೇ ಇರುವುದಿಲ್ಲ. ಮೆಟ್ಟಿಲಿನ ಹಾಗೆ. 38ರವರೆಗೆ ಸಪಾಟು, 39ನೇ ಡಬ್ಬಿಗೆ ಒಮ್ಮೆಲೇ 6,000 ಏರುತ್ತದೆ.

ಲೆಕ್ಕ ಹಾಕಿ ನೋಡಿ. 38 ಡಬ್ಬಿಗೆ ನಿಂತರೆ ತಿಂಗಳಿಗೆ ನಿಮಗೆ 10,164 ಉಳಿಯುತ್ತದೆ. ಇನ್ನೊಬ್ಬರನ್ನು ಇಟ್ಟುಕೊಂಡು 41 ಕೊಟ್ಟರೆ ಹೊಂಡ 23,500 ಆಗುತ್ತದೆ, ಉಳಿಯುವುದು 6,348. ಮೂರು ಡಬ್ಬಿ ಜಾಸ್ತಿ ಕೊಟ್ಟು, ಸುಮಾರು ನಾಲ್ಕು ಸಾವಿರ ಕಡಿಮೆ ದುಡಿದ ಹಾಗೆ! ಮತ್ತೆ ಹಳೆಯ 10,164 ಮುಟ್ಟಲು ದಿನಕ್ಕೆ 47 ಡಬ್ಬಿ ಬೇಕು. 39ರಿಂದ 46ರ ನಡುವೆ ನೀವು ಹೆಚ್ಚು ಬೆವರು ಸುರಿಸಿ ಕಡಿಮೆ ಗಳಿಸುತ್ತೀರಿ. ಸಣ್ಣ ವ್ಯಾಪಾರದವರು ಬಹಳ ಜನ ಸಿಕ್ಕಿಕೊಳ್ಳುವುದು ಇಲ್ಲೇ. ವ್ಯಾಪಾರ ಬೆಳೆಯುತ್ತಿದೆ ಅಂತ ಖುಷಿಯಲ್ಲಿರುತ್ತಾರೆ, ಹಳೆಯ ಉಳಿತಾಯ ಎಲ್ಲಿ ಹೋಯಿತು ಅಂತ ತಿಳಿಯುವುದಿಲ್ಲ.

ಬೆಣ್ಣೆದೋಸೆ ದಾವಣಗೆರೆ

ಸರ್, ಪುಸ್ತಕದಲ್ಲಿ ಗೆರೆ ನೇರವಾಗಿ ಹೋಗುತ್ತದೆ. ಮೆಟ್ಟಿಲು ಎಲ್ಲೂ ನೋಡಿರಲಿಲ್ಲ.

ಖಾತೆಕೀರ್ದಿ

ಪುಸ್ತಕದಲ್ಲೂ ಇರುತ್ತದೆ, ಹಿಂದಿನ ಪುಟಗಳಲ್ಲಿ. ಪರೀಕ್ಷೆಗೆ ಬರುವುದಿಲ್ಲ ಅಂತ ಬಿಡುತ್ತಾರೆ.

ಮಂಡ್ಯದ ಅಕ್ಕ

ಆ ಕಡೆ ರೊಟ್ಟಿ ರೆಡಿ ಸಿಗುತ್ತಲ್ಲ? ಮನೆಯಲ್ಲಿ ಬಡಿದು ಖಾನಾವಳಿಗಳಿಗೆ ಎಣಿಸಿ ಕೊಡುವ ಹೆಂಗಸರು ಇರುತ್ತಾರೆ ಅಂತ ಕೇಳಿದ್ದೇನೆ. 38ರ ಮೇಲಿನ ಡಬ್ಬಿಗೆ ಮಾತ್ರ ಅವರಿಂದ ತಗೊಳ್ಳಿ. ನಮ್ಮಲ್ಲಿ ಚಪಾತಿಗೆ ಹಾಗೇ ಮಾಡುತ್ತಿದ್ದೆ.

ರೊಟ್ಟಿಡಬ್ಬಿ ಧಾರವಾಡ

ಇದ್ದಾರೆ ಅಕ್ಕಾ, ನಮ್ಮ ಓಣಿಯಲ್ಲೇ ಇಬ್ಬರು. ಬಿಸಿ ರೊಟ್ಟಿಗೆ 8 ರೂಪಾಯಿ. ಡಬ್ಬಿಗೆ 16 ಆಯಿತು. ನನ್ನ ಹಿಟ್ಟು, ಗ್ಯಾಸು ಉಳಿಯುವುದು ಎರಡು ರೊಟ್ಟಿಗೆ 6.

ಖಾತೆಕೀರ್ದಿ

ಹಾಗಾದರೆ ಆ ಡಬ್ಬಿಗಳಿಗೆ ಖರ್ಚು 10 ಜಾಸ್ತಿ. 28ರ ಬದಲು 18 ತರುತ್ತವೆ. ಆದರೆ ಮೆಟ್ಟಿಲು ಹತ್ತಬೇಕಾಗಿಲ್ಲ! 42 ಡಬ್ಬಿ ಕೊಟ್ಟರೆ 38ಕ್ಕೆ 10,164, ಮೇಲಿನ ನಾಲ್ಕಕ್ಕೆ 1,872. ಒಟ್ಟು 12,036. ನೀವು ಕೇಳಿದ 12,000 ಬಂತು.

ಎಲ್ಲಿಯವರೆಗೆ ರೊಟ್ಟಿ ಕೊಳ್ಳುವುದು ಲಾಭ, ಎಲ್ಲಿಂದ ಇನ್ನೊಬ್ಬರನ್ನು ಇಟ್ಟುಕೊಳ್ಳುವುದು ಲಾಭ ಅಂತಲೂ ನೋಡಿದೆ. ದಿನಕ್ಕೆ 61 ಡಬ್ಬಿಯ ಹತ್ತಿರ ಎರಡೂ ಸಮ. ಅಲ್ಲಿಯವರೆಗೆ ಓಣಿಯವರೇ ಸಾಕು. ಇನ್ನೊಂದು ಲಾಭವೂ ಇದೆ. ದೀಪಾವಳಿ ತಿಂಗಳಲ್ಲಿ ಕೊಂಡ ರೊಟ್ಟಿ ನಿಲ್ಲಿಸಿದರೆ ಖರ್ಚೂ ನಿಲ್ಲುತ್ತದೆ. ಸಂಬಳ ನಿಲ್ಲುವುದಿಲ್ಲ. ಎರಡನ್ನೂ ಮಂಡ್ಯದ ತಾಯಿ ಒಂದೇ ಮಾತಿನಲ್ಲಿ ಬಗೆಹರಿಸಿದರು, ನನಗೆ ಹೊಳೆದಿರಲಿಲ್ಲ.

ರೊಟ್ಟಿಡಬ್ಬಿ ಧಾರವಾಡ

ಹಾಗಾದರೆ ಪಿಜಿಯ ಹತ್ತು?

ಖಾತೆಕೀರ್ದಿ

ಅದೂ ಮೆಟ್ಟಿಲಿನ ಹತ್ತಿರವೇ ಬಂದು ನಿಲ್ಲುತ್ತದೆ. ಹತ್ತರಲ್ಲಿ ಆರು ಅಕ್ಕನ ಕೈಯಲ್ಲೇ ಆಗುತ್ತದೆ, 17ರಂತೆ. ಉಳಿದ ನಾಲ್ಕಕ್ಕೆ ರೊಟ್ಟಿ ಕೊಳ್ಳಬೇಕು, 7ರಂತೆ. ದಿನಕ್ಕೆ 130, ತಿಂಗಳಿಗೆ 3,380. ಆರೇ ಆರು ಗಿರಾಕಿ 80ಕ್ಕೆ ಸಿಕ್ಕರೆ ತಿಂಗಳಿಗೆ 4,368. ಹತ್ತಕ್ಕಿಂತ ಆರು ಮೇಲು. ಆದರೆ ಪಿಜಿಯವರು ನಾಳೆಯೇ ಬರುತ್ತಾರೆ, ಆ ಆರು ಜನ ಯಾವಾಗ ಬರುತ್ತಾರೆ ಅಂತ ಗೊತ್ತಿಲ್ಲವಲ್ಲ.

ಡಬ್ಬಿ ತಿನ್ನುವವ

ಪಿಜಿಯವರು ದುಡ್ಡು ಮುಂಗಡ ಕೊಡುತ್ತಾರಾ, ತಿಂಗಳ ಕೊನೆಗಾ ಅಂತಲೂ ಕೇಳಿ ಆಂಟಿ. ನಾವಾದರೆ ಒಂದನೇ ತಾರೀಖಿಗೇ ಕೊಡುತ್ತೇವೆ.

ಬೆಣ್ಣೆದೋಸೆ ದಾವಣಗೆರೆ

ಅಥವಾ ಎಲ್ಲರಿಗೂ 85 ಮಾಡಿಬಿಡಿ. 28 ಹೋಗಿ 33 ಆಗುತ್ತದೆ. 17,500 ÷ 33 ಅಂದರೆ 531 ಡಬ್ಬಿ. ದಿನಕ್ಕೆ 21ಕ್ಕೇ ಬ್ರೇಕ್ ಈವನ್. ನಾಲ್ಕು ಜನ ಬಿಟ್ಟು ಹೋಗಿ 28 ಉಳಿದರೂ ಕೈಗೆ 6,524. ಈಗಿನ 5,796ಕ್ಕಿಂತ ಜಾಸ್ತಿ. ಈ ಸಲ ಸರಿ ಇದೆಯಾ ಸರ್?

ಖಾತೆಕೀರ್ದಿ

ಪೂರ್ತಿ ಸರಿ.

ಡಬ್ಬಿ ತಿನ್ನುವವ

ಲೆಕ್ಕ ಸರಿ, ಆದರೆ ನಮ್ಮ ರೂಮಲ್ಲಿ ನಾಲ್ಕು ಜನ ಒಟ್ಟಿಗೆ ಡಬ್ಬಿ ತರಿಸುತ್ತೇವೆ. ಒಬ್ಬ ಬಿಟ್ಟರೆ ನಾಲ್ವರೂ ಬಿಡುತ್ತೇವೆ. ಎರಡು ರೂಮು ಹೋದರೆ ಎಂಟು.

ರೊಟ್ಟಿಡಬ್ಬಿ ಧಾರವಾಡ

ಹೌದು, ನನ್ನಲ್ಲೂ ಹಾಗೇ. ರೂಮು ರೂಮೇ ಬರುತ್ತವೆ, ರೂಮು ರೂಮೇ ಹೋಗುತ್ತವೆ. ಬೆಲೆಯನ್ನು ಜೂನ್‌ನಲ್ಲಿ ಹೊಸ ಹುಡುಗರು ಬಂದಾಗ ನೋಡುತ್ತೇನೆ.

ಇವತ್ತು ಮಾಡಿದ್ದು ಹೇಳುತ್ತೇನೆ. ಗ್ರೂಪಿನಲ್ಲಿ ರಾತ್ರಿ ಎಂಟರ ಗಡುವು ಹಾಕಿದೆ, ತಿಂಗಳಿಗೆ ಒಂದು ಮಾಫಿ ಸಮೇತ. ಓಣಿಯ ಅಕ್ಕನ ಹತ್ತಿರ ದಿನಕ್ಕೆ ಎಂಟು ರೊಟ್ಟಿ ಕೇಳಿ ಬಂದೆ, ಬೇಡವಾದ ದಿನ ಹಿಂದಿನ ಸಂಜೆಯೇ ಹೇಳಬೇಕು ಅಂದರು. ಅವರಿಗೂ ಅದೇ ಗಡುವು! ಪಿಜಿಯವರಿಗೆ ಮೊಸರು ಇಲ್ಲದೆ, ಒಂದೇ ಪಲ್ಯದ ಡಬ್ಬಿ 65ಕ್ಕೆ, ಅರ್ಧ ದುಡ್ಡು ಮುಂಗಡ ಅಂತ ಹೇಳಿ ಕಳಿಸಿದ್ದೇನೆ. ಉತ್ತರ ಬಂದಿಲ್ಲ.

ಕೋಣೆಯ ವಿಷಯ ಮಾತ್ರ ಮನೆಯಲ್ಲಿ ಬಗೆಹರಿದಿಲ್ಲ. ಯಜಮಾನರು ಅಂತಾರೆ, ಆ ಕೋಣೆಗೆ ಮೊದಲು ಇದ್ದ ಬಾಡಿಗೆದಾರ ಮೂರು ತಿಂಗಳಿಗೊಮ್ಮೆ ದುಡ್ಡು ಕೊಡುತ್ತಿದ್ದ, ಅದನ್ನು ತಿಂಗಳಿಗೆ 3,000 ಅಂತ ಬರೆಯುವುದು ಯಾವ ಲೆಕ್ಕ ಅಂತ.

ಮಂಡ್ಯದ ಅಕ್ಕ

ಬರೆಯಬೇಡಿ ಅಂತ ನನ್ನ ಮಾತು. ಹೇಗೂ ಬಾಡಿಗೆಗೆ ಕೊಡಲ್ಲವಲ್ಲ. 14,500 ಹಿಡಿದರೆ 518 ಡಬ್ಬಿಗೇ ಬ್ರೇಕ್ ಈವನ್, ಮನಸ್ಸಿಗೂ ನೆಮ್ಮದಿ.

ಖಾತೆಕೀರ್ದಿ

ತಾಯಿ, ನೆಮ್ಮದಿಗೆ ಬೇರೆ ಕಾಲಂ ಇದೆ. ಆ ಬಾಡಿಗೆದಾರ ನಿಜವಾಗಿ ವರ್ಷಕ್ಕೆ ಎಷ್ಟು ಕೊಟ್ಟ ಅಂತ ಹುಡುಕಿ, ಅದನ್ನು 12ಕ್ಕೆ ಹಂಚಿ ಬರೆಯಿರಿ.

ರೊಟ್ಟಿಡಬ್ಬಿ ಧಾರವಾಡ

ಹಳೆಯ ಡೈರಿ ಅಟ್ಟದ ಮೇಲಿದೆ ಸರ್. ಭಾನುವಾರ ತೆಗೆಸುತ್ತೇನೆ.